ಪಟ್ಟೆ ಒಂದೇ, ಹಾವು ಬೇರೆ

ಮಳೆಗಾಲದ ರಾತ್ರಿ, ಗಂಟೆ ಹತ್ತು ದಾಟಿದೆ. ಬಚ್ಚಲುಮನೆಯ ಗೋಡೆ ನೆಲಕ್ಕೆ ಸೇರುವ ಮೂಲೆಯಲ್ಲಿ ಮೊಳದುದ್ದದ ಹಾವೊಂದು ಅಂಚು ಹಿಡಿದು ಸರಿಯುತ್ತಿದೆ. ಕಪ್ಪಗೆ ಹೊಳೆಯುವ ಮೈ, ಅಡ್ಡಡ್ಡ ಬಿಳಿ ಪಟ್ಟೆ. ಅಪ್ಪ ಕೋಲು ಹುಡುಕುತ್ತಾರೆ, ಮಗ ಮೊಬೈಲ್ ಹುಡುಕುತ್ತಾನೆ. "ಹೊಡೀಬೇಡಿ ಇರಿ ಅಪ್ಪ, ಫೋಟೊ ಕಳಿಸಿ ಕೇಳ್ತೀನಿ" ಅನ್ನುತ್ತಾನೆ. ಬಾಗಿಲಲ್ಲೇ ನಿಂತು, ಕೈ ನಡುಗುತ್ತಲೇ ಒಂದು ಫೋಟೊ ತೆಗೆದು ಊರಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕುತ್ತಾನೆ.

ಎರಡು ನಿಮಿಷದಲ್ಲಿ ಮೂರು ಉತ್ತರ ಬರುತ್ತವೆ. "ಕಟ್ಟುಹಾವು, ಹತ್ತಿರ ಹೋಗ್ಬೇಡಿ" ಎಂದು ಒಬ್ಬರು. "ತೋಳ ಹಾವು ಕಣ್ರೀ, ವಿಷ ಇಲ್ಲ, ಚೀಲಕ್ಕೆ ಹಾಕಿ ಆಚೆ ಬಿಡಿ" ಎಂದು ಇನ್ನೊಬ್ಬರು. "ಬೇರೆ ಫೋಟೊ ಇದೆಯಾ? ದೂರವೇ ಇರಿ" ಎಂದು ಮೂರನೆಯವರು. ಹಾವುಗಳ ಬಗ್ಗೆ ನಿಜವಾಗಿ ಬಲ್ಲವರು ಈ ಮೂರನೆಯವರೇ ಇರಬೇಕು. ಮೊದಲಿಬ್ಬರು ನೋಡಿದ್ದು ಪಟ್ಟೆಯನ್ನು. ಪಟ್ಟೆಯನ್ನು ನೋಡಿ ಹೇಳಬಹುದಾದದ್ದು ಎಷ್ಟು ಕಡಿಮೆ ಎಂಬುದು ಮೂರನೆಯವರಿಗೆ ಗೊತ್ತಿದೆ.

ಒಂದೇ ಮನೆಯ ಎರಡು ಹಾವು

ಕಟ್ಟುಹಾವನ್ನು ಕರಾವಳಿ, ಮಲೆನಾಡಿನ ಕಡೆ ಕಡಂಬಳ ಎನ್ನುವುದುಂಟು. ನಾಗರಹಾವು, ಕೊಳಕುಮಂಡಲ, ಗರಗಸ ಮಂಡಲಗಳ ಜೊತೆಗೆ ಭಾರತದಲ್ಲಿ ಅತಿ ಹೆಚ್ಚು ಜನರ ಸಾವಿಗೆ ಕಾರಣವಾಗುವ ನಾಲ್ಕು ಹಾವುಗಳಲ್ಲಿ ಇದೂ ಒಂದು. ಬೆಳೆದದ್ದು ಸಾಮಾನ್ಯವಾಗಿ ಮೂರು ಅಡಿಯ ಆಸುಪಾಸು ಇರುತ್ತದೆ. ಐದು ಅಡಿ ದಾಟುವುದು ಅಪರೂಪ. ಕಪ್ಪು ಅಥವಾ ನೀಲಿಗಪ್ಪು ಮೈಮೇಲೆ ಸುಮಾರು ನಲವತ್ತು ತೆಳುವಾದ ಬಿಳಿ ಗೆರೆಗಳು, ಹಲವೆಡೆ ಎರಡೆರಡಾಗಿ ಜೋಡಿ ಕೂಡಿರುತ್ತವೆ. ಹಗಲಿನಲ್ಲಿ ಇಲಿ ಬಿಲ, ಹುತ್ತ, ಇಟ್ಟಿಗೆ ರಾಶಿಯೊಳಗೆ ಮಲಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಇಲಿ, ಹಲ್ಲಿ, ಕಪ್ಪೆ ತಿನ್ನುತ್ತದೆ, ಬೇರೆ ಹಾವುಗಳನ್ನೂ ತಿನ್ನುತ್ತದೆ.

ತೋಳ ಹಾವು ಅದೇ ಮನೆಯಲ್ಲಿ, ಅದೇ ಹೊತ್ತಿನಲ್ಲಿ ಓಡಾಡುವ ಪ್ರಾಣಿ. ಅದಕ್ಕೆ ಬೇಕಾದ್ದು ಹಲ್ಲಿ. ಹಲ್ಲಿ ಇರುವಲ್ಲೆಲ್ಲ, ಎಂದರೆ ಗೋಡೆ, ಕಿಟಕಿ ಚೌಕಟ್ಟು, ಹೆಂಚಿನ ಸಂದು, ಮೀಟರ್ ಬೋರ್ಡಿನ ಹಿಂಭಾಗದಲ್ಲೆಲ್ಲ ಅದು ಹತ್ತಿ ಹುಡುಕುತ್ತದೆ. ಉದ್ದ ಒಂದೂವರೆ ಅಡಿ, ಹೆಚ್ಚೆಂದರೆ ಎರಡೂವರೆ. ಮುಂಬದಿಯ ಹಲ್ಲುಗಳು ಉದ್ದವಾಗಿರುವುದರಿಂದ ಆ ಹೆಸರು ಬಂದಿದೆ. ಮುಟ್ಟಿದರೆ ಥಟ್ಟನೆ ಕಚ್ಚುತ್ತದೆ, ರಕ್ತವೂ ಬರುತ್ತದೆ, ಆದರೆ ಮನುಷ್ಯನಿಗೆ ಅಪಾಯ ಮಾಡುವಂಥ ವಿಷ ಅದರಲ್ಲಿ ಇಲ್ಲ. ಕಂದು ಅಥವಾ ಕಪ್ಪುಗಂದು ಮೈಮೇಲೆ ಹನ್ನೆರಡರಿಂದ ಹತ್ತೊಂಬತ್ತರಷ್ಟು ಬಿಳಿ ಇಲ್ಲವೆ ಹಳದಿ ಛಾಯೆಯ ಪಟ್ಟೆಗಳಿರುತ್ತವೆ. ಹೆಚ್ಚಿನವರ ಬಾಯಲ್ಲಿ ಇದು "ಕಟ್ಟುಹಾವಿನ ಮರಿ". ಆ ಹೆಸರು ಹೊತ್ತೇ ಕೋಲಿನ ಪೆಟ್ಟು ತಿಂದು ಸಾಯುತ್ತದೆ.

ಪುಸ್ತಕಗಳಲ್ಲಿ ಇವೆರಡರ ವ್ಯತ್ಯಾಸವನ್ನು ಹೀಗೆ ಬರೆದಿರುತ್ತಾರೆ. ತೋಳ ಹಾವಿನ ಪಟ್ಟೆ ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಹೋದಂತೆ ಮಸುಕಾಗುತ್ತದೆ. ಪಕ್ಕೆಯ ಹತ್ತಿರ ಪಟ್ಟೆ ಅಗಲವಾಗುತ್ತದೆ. ಕಟ್ಟುಹಾವಿನದು ಇದಕ್ಕೆ ತಿರುಗಾಮುರುಗಾ. ತಲೆಯ ಹಿಂದೆ ಒಂದಷ್ಟು ದೂರ ಪಟ್ಟೆ ಇರುವುದಿಲ್ಲ ಅಥವಾ ಬೆನ್ನಮೇಲೆ ಬರೀ ಚುಕ್ಕೆಗಳಿರುತ್ತವೆ, ಬಾಲದ ಕಡೆ ಹೋದಂತೆ ಪಟ್ಟೆ ಎದ್ದು ಕಾಣುತ್ತದೆ. ಈ ಮಾತು ಬಹುಪಾಲು ನಿಜ. ಗೋಡೆಗೆ ಅಂಟಿಸಿದ ಚಿತ್ರಪಟದಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಶಾಲೆಯ ಮಕ್ಕಳೂ ಗುರುತಿಸುತ್ತಾರೆ. ಆದರೆ ಹಾವು ಮನೆಗೆ ಬರುವಾಗ ಒಂದೇ ಬರುತ್ತದೆ. ಪಕ್ಕದಲ್ಲಿಟ್ಟು ಹೋಲಿಸಲು ಇನ್ನೊಂದು ಇರುವುದಿಲ್ಲ.

ವೇಷ ಯಾರ ಕಣ್ಣಿಗೆ

ನಿರುಪದ್ರವಿ ಜೀವಿಯೊಂದು ಅಪಾಯಕಾರಿ ಜೀವಿಯ ವೇಷ ತೊಟ್ಟು ಬದುಕುವುದನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವರು ಇಂಗ್ಲೆಂಡಿನ ನಿಸರ್ಗತಜ್ಞ ಹೆನ್ರಿ ವಾಲ್ಟರ್ ಬೇಟ್ಸ್. 1848ರಿಂದ 1859ರವರೆಗೆ ಅಮೆಜಾನ್ ಕಾಡುಗಳಲ್ಲಿ ಚಿಟ್ಟೆ, ಕೀಟಗಳನ್ನು ಸಂಗ್ರಹಿಸುತ್ತ ಕಳೆದ ಅವರು ಒಂದು ವಿಚಿತ್ರವನ್ನು ಗಮನಿಸಿದರು. ಹಕ್ಕಿಗಳು ಬಾಯಿಗೆ ಹಾಕಿಕೊಳ್ಳಲಾಗದಷ್ಟು ಕೆಟ್ಟ ರುಚಿಯ ಕೆಲವು ಚಿಟ್ಟೆಗಳಿದ್ದವು. ಅವುಗಳ ನಡುವೆಯೇ, ಬಣ್ಣದಲ್ಲಿ ಹಾರಾಟದಲ್ಲಿ ಅವುಗಳಂತೆಯೇ ಕಾಣುವ, ಆದರೆ ಬೇರೆ ಕುಟುಂಬಕ್ಕೆ ಸೇರಿದ ಚಿಟ್ಟೆಗಳೂ ಇದ್ದವು. ಒಮ್ಮೆ ಕೆಟ್ಟ ರುಚಿ ಉಂಡ ಹಕ್ಕಿ ಆ ಬಣ್ಣವನ್ನು ಕಂಡರೆ ದೂರ ಸರಿಯುತ್ತದೆ, ವೇಷಧಾರಿಗೂ ಜೀವ ಉಳಿಯುತ್ತದೆ. 1862ರಲ್ಲಿ ಅವರು ಪ್ರಕಟಿಸಿದ ಈ ವಿವರಣೆಗೆ ಇಂದಿಗೂ ಅವರದೇ ಹೆಸರಿದೆ.

ತೋಳ ಹಾವಿನ ಪಟ್ಟೆಯನ್ನೂ ತಜ್ಞರು ಹೀಗೇ ಅರ್ಥ ಮಾಡಿಕೊಳ್ಳುತ್ತಾರೆ. ಗೂಬೆಯೋ ಮುಂಗುಸಿಯೋ ಕಾಡುಬೆಕ್ಕೋ ಕಟ್ಟುಹಾವಿನ ಪಟ್ಟೆ ಕಂಡು ಅರೆಕ್ಷಣ ಅನುಮಾನಿಸಿದರೂ ಸಾಕು, ಹಾವು ಸಂದಿಗೆ ನುಸುಳಿಬಿಡುತ್ತದೆ. ಇಲ್ಲಿ ಒಂದು ಸಂಗತಿ ಮುಖ್ಯ. ಬೇಟೆಗಾರ ಪ್ರಾಣಿ ಹಾವನ್ನು ಕೈಯಲ್ಲಿ ಹಿಡಿದು ಹೊರಳಿಸಿ ಪರೀಕ್ಷಿಸುವುದಿಲ್ಲ. ಕತ್ತಲಲ್ಲಿ, ದೂರದಿಂದ, ಚಲಿಸುತ್ತಿರುವ ಹಾವನ್ನು ಒಂದು ಕ್ಷಣ ನೋಡುತ್ತದೆ. ಆ ಒಂದು ಕ್ಷಣದಲ್ಲಿ ಕಾಣುವುದು ಬಣ್ಣ, ಹೊಳಪು, ಪಟ್ಟೆ. ಪೀಳಿಗೆಯಿಂದ ಪೀಳಿಗೆಗೆ ಇವುಗಳಲ್ಲಿ ಹೋಲಿಕೆ ಇದ್ದ ಹಾವುಗಳೇ ಹೆಚ್ಚಾಗಿ ಬದುಕಿ ಉಳಿದವು. ಚರ್ಮದ ಮೇಲಿನ ಒಂದೊಂದು ಹುರುಪೆಯ ಆಕಾರ ಹೇಗಿದೆ, ಬಾಲದ ಅಡಿಭಾಗ ಹೇಗಿದೆ ಎಂದು ಗೂಬೆ ಕೇಳುವುದಿಲ್ಲ. ಹಾಗಾಗಿ ಅಲ್ಲಿ ಹೋಲಿಕೆ ಬೆಳೆಯಲೂ ಇಲ್ಲ.

ಫೋಟೊ ಸೋಲುವುದು ಇದೇ ಕಾರಣಕ್ಕೆ. ರಾತ್ರಿ, ದೂರದಿಂದ, ಅವಸರದಲ್ಲಿ ತೆಗೆದ ಫೋಟೊ ಹಾವನ್ನು ಹೆಚ್ಚುಕಡಿಮೆ ಆ ಬೇಟೆಗಾರ ಪ್ರಾಣಿ ನೋಡಿದಂತೆಯೇ ನೋಡುತ್ತದೆ. ಯಾವ ಲಕ್ಷಣದಲ್ಲಿ ಎರಡು ಹಾವುಗಳು ಒಂದರಂತೆ ಒಂದಿವೆಯೋ ಅದನ್ನು ಚೆನ್ನಾಗಿ ಹಿಡಿದಿಡುತ್ತದೆ. ಯಾವುದರಲ್ಲಿ ಬೇರೆಬೇರೆಯೋ ಅದನ್ನು ಕಳೆದುಬಿಡುತ್ತದೆ.

ಬೆನ್ನಮೇಲಿನ ಆರು ಮೂಲೆಯ ಸಾಲು

ಹಾವು ಬಲ್ಲವರು ಕಟ್ಟುಹಾವನ್ನು ಖಚಿತ ಮಾಡಿಕೊಳ್ಳುವುದು ಪಟ್ಟೆಯಿಂದ ಅಲ್ಲ, ಬೆನ್ನಿನ ನಡುಸಾಲಿನಿಂದ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನೆಲುಬಿನ ಮೇಲೆ ಹೋಗುವ ಹುರುಪೆಗಳು ಅಕ್ಕಪಕ್ಕದ ಹುರುಪೆಗಳಿಗಿಂತ ದೊಡ್ಡವು, ಅವಕ್ಕೆ ಆರು ಮೂಲೆಗಳಿರುತ್ತವೆ. ತೋಳ ಹಾವಿನಲ್ಲಿ ಆ ಸಾಲು ಉಳಿದ ಹುರುಪೆಗಳಷ್ಟೇ ಗಾತ್ರದ್ದು. ಎರಡನೆಯ ಗುರುತು ಬಾಲದ ಅಡಿಯಲ್ಲಿದೆ. ಕಟ್ಟುಹಾವಿನ ಬಾಲದಡಿಯ ಹುರುಪೆಗಳು ಈ ಅಂಚಿನಿಂದ ಆ ಅಂಚಿಗೆ ಒಂದೇ ತುಂಡು. ತೋಳ ಹಾವಿನಲ್ಲಿ ಅವು ನಡುವೆ ಸೀಳಿ ಎರಡು ಸಾಲಾಗಿರುತ್ತವೆ. ಮೂರನೆಯದು ಕೆನ್ನೆಯ ಮೇಲೆ, ಕಣ್ಣಿಗೂ ಮೂಗಿಗೂ ನಡುವೆ. ತೋಳ ಹಾವಿಗೆ ಅಲ್ಲಿ ಒಂದು ಪುಟ್ಟ ಹುರುಪೆ ಹೆಚ್ಚಾಗಿರುತ್ತದೆ, ಕಟ್ಟುಹಾವಿಗೆ ಅದು ಇಲ್ಲ. ಬಣ್ಣ ಬದಲಾಗಲಿ, ಪಟ್ಟೆ ಅಳಿಸಿಹೋಗಲಿ, ಈ ಮೂರು ಗುರುತುಗಳು ನಿಲ್ಲುತ್ತವೆ.

ಈಗ ಆ ಬಚ್ಚಲುಮನೆಯ ಫೋಟೊಗೆ ಬರೋಣ. ಬಾಗಿಲಲ್ಲಿ ನಿಂತು ತೆಗೆದ ಚಿತ್ರದಲ್ಲಿ ನೆಲದ ಸುಮಾರು ಎರಡು ಮೀಟರ್ ಅಗಲ ಕಾಣುತ್ತದೆ ಎನ್ನೋಣ. ವಾಟ್ಸ್ಆ್ಯಪ್ ಮೂಲಕ ಹೋಗುವಾಗ ಚಿತ್ರ ಕುಗ್ಗುತ್ತದೆ. ತಲುಪುವಾಗ ಅದರ ಉದ್ದನೆಯ ಬದಿಯಲ್ಲಿ 1600 ಪಿಕ್ಸೆಲ್ ಉಳಿದಿದೆ ಎಂದು ಇಟ್ಟುಕೊಂಡರೆ, ಒಂದು ಮಿಲಿಮೀಟರಿಗೆ ಒಂದು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಮೂರು ಅಡಿಯ ಕಟ್ಟುಹಾವಿನ ಮೈ ಎರಡು ಸೆಂಟಿಮೀಟರ್ ದಪ್ಪವಿದ್ದರೆ ಚಿತ್ರದಲ್ಲಿ ಅದರ ಇಡೀ ಅಗಲಕ್ಕೆ ಹದಿನಾರು ಪಿಕ್ಸೆಲ್. ಬೆನ್ನಿನ ಒಂದು ಹುರುಪೆ ಮೂರ್ನಾಲ್ಕು ಮಿಲಿಮೀಟರ್ ಇದ್ದರೆ ಅದಕ್ಕೆ ಸಿಗುವುದು ಮೂರು ಪಿಕ್ಸೆಲ್. ಮೂರು ಪಿಕ್ಸೆಲ್‌ನಲ್ಲಿ ಆರು ಮೂಲೆ ಕಾಣಿಸಲು ಸಾಧ್ಯವಿಲ್ಲ. ಒಂದಡಿಯ ಮರಿಯಾದರೆ ಇಡೀ ಮೈಗೇ ಐದಾರು ಪಿಕ್ಸೆಲ್. ಎರಡು ಬೆರಳಿಟ್ಟು ಎಷ್ಟು ಹಿಗ್ಗಿಸಿದರೂ ಇಲ್ಲದ ವಿವರ ಹುಟ್ಟಿಕೊಳ್ಳುವುದಿಲ್ಲ. ಬದಲಿಗೆ, ಕತ್ತಲಲ್ಲಿ ತೆಗೆದ ಚಿತ್ರವನ್ನು ಮೊಬೈಲ್ ತಾನೇ ನುಣುಪು ಮಾಡುವುದರಿಂದ ಇದ್ದ ಅಂಚುಗಳೂ ಕದಡಿರುತ್ತವೆ.

ಬೆಳಕು ಇನ್ನೊಂದು ತೊಡಕು. ಕಟ್ಟುಹಾವಿನ ಮೈ ನಯವಾದದ್ದು, ಫ್ಲ್ಯಾಶ್ ಬಿದ್ದಾಗ ಬೆನ್ನಿನ ಉದ್ದಕ್ಕೂ ಬಿಳಿ ಹೊಳಪೊಂದು ಮೂಡುತ್ತದೆ. ನಾವು ನೋಡಬೇಕಾದ ನಡುಸಾಲನ್ನೇ ಆ ಹೊಳಪು ನುಂಗುತ್ತದೆ. ಮಂದ ಬಲ್ಬಿನ ಬೆಳಕಿನಲ್ಲಿ ತೋಳ ಹಾವಿನ ಗಾಢ ಕಂದು ಕಪ್ಪಾಗಿ ಕಾಣುತ್ತದೆ. ಪೊರೆ ಬಿಡುವ ಮುಂಚೆ ಕಟ್ಟುಹಾವಿನ ಹೊಳಪು ಮಂಕಾಗಿ ಅದು ಬೂದುಬಣ್ಣದ ಹಾವಿನಂತೆ ಕಾಣುತ್ತದೆ. "ಕಪ್ಪಿದ್ದರೆ ಕಟ್ಟುಹಾವು, ಕಂದಿದ್ದರೆ ತೋಳ ಹಾವು" ಎಂಬ ಸೂತ್ರ ಹೀಗೆ ಬೆಳಕಿನ ಕೈಗೆ ಸಿಕ್ಕಿ ಮುರಿಯುತ್ತದೆ. ಅದೂ ಅಲ್ಲದೆ ತೋಳ ಹಾವುಗಳಲ್ಲಿ ಹಲವು ಬಗೆಗಳಿವೆ. ಪಶ್ಚಿಮ ಘಟ್ಟದ ತಿರುವಾಂಕೂರು ತೋಳ ಹಾವಿನ ಮೈ ಹಗಲಿನಲ್ಲೇ ಕಪ್ಪಗೆ ಕಾಣುತ್ತದೆ.

ಗಾತ್ರವನ್ನು ಫೋಟೊ ಹೇಳುವುದೇ ಇಲ್ಲ. ನೆಲದ ಟೈಲ್ಸೋ ಚಪ್ಪಲಿಯೋ ಪಕ್ಕದಲ್ಲಿ ಕಾಣದಿದ್ದರೆ ಒಂದಡಿಯ ಹಾವೂ ಮೂರಡಿಯ ಹಾವೂ ಪರದೆಯ ಮೇಲೆ ಒಂದೇ. ಜೊತೆಗೆ ಹಾವು ಯಾವತ್ತೂ ಪೂರ್ತಿ ಕಾಣುವಂತೆ ನಿಲ್ಲುವುದಿಲ್ಲ. ತಲೆ ಬಕೆಟ್ಟಿನ ಹಿಂದೆ, ಬಾಲ ಮಾತ್ರ ಹೊರಗೆ. ಪಟ್ಟೆ ಎಲ್ಲಿಂದ ಶುರುವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಕೆಟ್ಟಿನ ಹಿಂದೆಯೇ ಉಳಿದುಬಿಡುತ್ತದೆ.

ಸೂತ್ರ ಕೈಕೊಡುವ ಜಾಗ

ಚಿತ್ರ ಸ್ಪಷ್ಟವಾಗಿದ್ದರೂ ತಪ್ಪಾಗುವ ಒಂದು ಸಂದರ್ಭವಿದೆ. ಅದು ಅತ್ಯಂತ ಅಪಾಯಕಾರಿ ಸಂದರ್ಭ.

ಕುತ್ತಿಗೆಯ ಬಳಿ ಪಟ್ಟೆ ಇಲ್ಲದಿರುವುದು ಬೆಳೆದ ಕಟ್ಟುಹಾವಿನ ಲಕ್ಷಣ. ಮರಿಯಲ್ಲಿ ಹಾಗಲ್ಲ. ಎಳೆಯ ಕಟ್ಟುಹಾವಿನ ಮೈಯ ಮುಂಭಾಗದಲ್ಲೂ ಪಟ್ಟೆಗಳು ಸ್ಪಷ್ಟವಾಗಿರುತ್ತವೆ. ಬೆಳೆಯುತ್ತ ಅವು ಮಾಸಿ ಚುಕ್ಕೆಗಳಾಗಿ ಒಡೆಯುತ್ತವೆ, ಕೆಲವು ಹಳೆಯ ಹಾವುಗಳಲ್ಲಿ ಮುಂಭಾಗದ ಪಟ್ಟೆ ಪೂರ್ತಿ ಅಳಿದುಹೋಗುತ್ತದೆ. ಅಂದರೆ "ಕುತ್ತಿಗೆಯಿಂದಲೇ ಪಟ್ಟೆ ಇದ್ದರೆ ವಿಷವಿಲ್ಲದ ತೋಳ ಹಾವು" ಎಂಬ ಸೂತ್ರ ಸುಳ್ಳಾಗುವುದು ಕಟ್ಟುಹಾವು ಇನ್ನೂ ಒಂದು, ಒಂದೂವರೆ ಅಡಿ ಇರುವಾಗ. ತೋಳ ಹಾವಿನ ಗಾತ್ರವೂ ಅಷ್ಟೇ. ಯಾವ ಅಳತೆಯಲ್ಲಿ ಎರಡರ ನಡುವೆ ಗೊಂದಲ ಹುಟ್ಟುತ್ತದೋ ಆ ಅಳತೆಯಲ್ಲೇ ಸೂತ್ರ ಕೆಲಸ ಮಾಡುವುದಿಲ್ಲ. ಮರಿಗೂ ವಿಷವಿರುತ್ತದೆ, ಮೊಟ್ಟೆಯೊಡೆದು ಬಂದ ದಿನದಿಂದಲೇ.

ಗೋಡೆ ಹತ್ತುತ್ತಿದ್ದರೆ ತೋಳ ಹಾವು ಎಂಬ ಮಾತೂ ಇದೆ. ಅದು ಬಲವಾದ ಸುಳಿವು ಎಂಬುದು ನಿಜ. ಆದರೆ ಕಟ್ಟುಹಾವು ಮಂಚದ ಮೇಲೆ, ಗುಡಿಸಲಿನ ಚಾವಣಿಯಲ್ಲಿ ಸಿಕ್ಕಿದ್ದೂ ಉಂಟು. ಆದ್ದರಿಂದ ಅದನ್ನೊಂದು ಸುಳಿವಿನಷ್ಟಕ್ಕೇ ಇಟ್ಟುಕೊಳ್ಳಬೇಕು.

ಇದನ್ನೆಲ್ಲ ನೋಡಿದಾಗ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕೆನಿಸುತ್ತದೆ. ಫೋಟೊ ನೋಡಿ "ಇದು ಕಟ್ಟುಹಾವು" ಎನ್ನಬಹುದು. ಅದು ತಪ್ಪಾದರೆ ನಷ್ಟ ಒಂದಿಷ್ಟು ಗಾಬರಿ, ಹಾವು ಹಿಡಿಯುವವರಿಗೆ ಒಂದು ಫೋನು. ಆದರೆ ಮಸುಕಾದ ಫೋಟೊ ನೋಡಿ "ವಿಷ ಇಲ್ಲ, ಚೀಲಕ್ಕೆ ಹಾಕಿ" ಎನ್ನಬಾರದು. ಆ ತಪ್ಪಿಗೆ ಬೆಲೆ ತೆರುವವರು ಫೋಟೊ ಕಳಿಸಿದ ಮನೆಯವರು. ಎರಡೂ ಬಗೆಯ ತಪ್ಪನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಗುಂಪುಗಳಲ್ಲಿ ನಡೆಯುವ ದೊಡ್ಡ ಪ್ರಮಾದ.

ಬಲ್ಲವರೇ ಸೋತ ಒಂದು ಬೆಳಗ್ಗೆ

ಫೋಟೊ ಮಾತ್ರವಲ್ಲ, ಹಾವೇ ಎದುರಿಗಿದ್ದರೂ ಈ ಜೋಡಿ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಮ್ಯಾನ್ಮಾರ್‌ನಲ್ಲಿ ನಡೆದ ಒಂದು ಘಟನೆ ಸಾಕ್ಷಿ. ಜೋಸೆಫ್ ಸ್ಲೊವಿನ್‌ಸ್ಕಿ ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್‌ನ ವಿಜ್ಞಾನಿ. ಏಷ್ಯಾದ ವಿಷಸರ್ಪಗಳೇ ಅವರ ವಿಷಯ. ಮ್ಯಾನ್ಮಾರ್‌ನ ಉಗುಳುವ ನಾಗರವೊಂದನ್ನು ಹೊಸ ಪ್ರಭೇದವೆಂದು 2000ದಲ್ಲಿ ಸಹವಿಜ್ಞಾನಿಯೊಬ್ಬರ ಜೊತೆ ಗುರುತಿಸಿದವರು ಅವರು.

2001ರ ಸೆಪ್ಟೆಂಬರ್ 11ರ ಬೆಳಗ್ಗೆ ಆ ದೇಶದ ಉತ್ತರ ತುದಿಯ ಕಾಡಿನಲ್ಲಿ ಅವರ ತಂಡ ಬೀಡುಬಿಟ್ಟಿತ್ತು. ಸಹಾಯಕರು ಹಿಡಿದು ತಂದ ಹಾವುಗಳ ಚೀಲಗಳನ್ನು ಒಂದೊಂದಾಗಿ ನೋಡಲಾಗುತ್ತಿತ್ತು. ಒಂದು ಚೀಲ ಕೊಡುವಾಗ ಸಹಾಯಕರು ಇದು ಡಿನೊಡಾನ್ ಇರಬೇಕು ಎಂದರು. ಡಿನೊಡಾನ್ ಎಂದರೆ ಕಟ್ಟುಹಾವಿನ ವೇಷದ ನಿರುಪದ್ರವಿ ಹಾವು. ಈಗ ವಿಜ್ಞಾನಿಗಳು ಅದನ್ನು ನಮ್ಮ ತೋಳ ಹಾವಿನ ಕುಲಕ್ಕೇ ಸೇರಿಸಿದ್ದಾರೆ. ಸ್ಲೊವಿನ್‌ಸ್ಕಿ ಚೀಲದೊಳಗೆ ಕೈ ಹಾಕಿದರು. ಕೈ ಹೊರತೆಗೆದಾಗ ಬೆರಳಿಗೆ ಕಚ್ಚಿಕೊಂಡು ಒಂದು ಗೇಣಿನಷ್ಟು ಉದ್ದದ, ಪಟ್ಟೆಪಟ್ಟೆಯ ಎಳೆಯ ಹಾವು ನೇತಾಡುತ್ತಿತ್ತು. ಅದು ಕಟ್ಟುಹಾವಿನ ಜಾತಿಯದು ಎಂದು ಅವರಿಗೆ ಕೂಡಲೇ ಗೊತ್ತಾಯಿತು.

ಕಚ್ಚಿದ ಗುರುತು ಕಾಣುವಂತಿರಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೈಯಲ್ಲಿ ಜುಮ್ಮೆನಿಸತೊಡಗಿತು, ನಂತರ ಕಣ್ಣು ತೆರೆಯಲಾಗದಾಯಿತು, ಮಾತು ನಿಂತಿತು, ಉಸಿರಾಟದ ಸ್ನಾಯುಗಳು ಸೋತವು. ಮುಂದೆ ಏನೇನಾಗುತ್ತದೆ ಎಂಬುದನ್ನು ಅವರು ಮೊದಲೇ ಸಂಗಡಿಗರಿಗೆ ಹೇಳಿದ್ದರು. ಮಳೆ, ಮೋಡದಿಂದಾಗಿ ಹೆಲಿಕಾಪ್ಟರ್ ಬರಲಾಗಲಿಲ್ಲ. ಸಂಗಡಿಗರು ಸರದಿಯ ಮೇಲೆ ಬಾಯಿಗೆ ಬಾಯಿಟ್ಟು ಇಡೀ ಹಗಲು, ಇಡೀ ರಾತ್ರಿ ಉಸಿರು ತುಂಬಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವರು ತೀರಿಕೊಂಡರು. ವಯಸ್ಸು 38.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಕಚ್ಚಿದ್ದು ಚೀನಾ ಕಡೆಯ ಬಹುಪಟ್ಟೆಯ ಕಟ್ಟುಹಾವು ಎಂದು ಇಪ್ಪತ್ತು ವರ್ಷ ನಂಬಲಾಗಿತ್ತು. 2021ರಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಾವುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳು ಅಲ್ಲಿಯದು ಬೇರೆಯೇ ಪ್ರಭೇದ ಎಂದು ತೋರಿಸಿ ಹೊಸ ಹೆಸರು ಕೊಟ್ಟರು. ಸ್ಲೊವಿನ್‌ಸ್ಕಿಯವರನ್ನು ಕಚ್ಚಿದ ಹಾವೂ ಆ ಹೊಸ ಪ್ರಭೇದಕ್ಕೇ ಸೇರಿದ್ದು ಎಂದರು. ಪಟ್ಟೆಯ ವೇಷ ವಿಷವಿಲ್ಲದ ಹಾವನ್ನು ಮರೆಮಾಚಿದಂತೆ ಒಂದು ಕಟ್ಟುಹಾವನ್ನು ಇನ್ನೊಂದರ ಹಿಂದೆಯೂ ಅಷ್ಟು ಕಾಲ ಮರೆಮಾಚಿತ್ತು.

ಕಚ್ಚಿದ ಮೇಲೆ ವಿಷ ಫೋಟೊಗೆ ಕಾಯುವುದಿಲ್ಲ

2000ದಿಂದ 2019ರವರೆಗಿನ ಸಾವುಗಳನ್ನು ಲೆಕ್ಕಹಾಕಿದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿತದಿಂದ ಸಾಯುತ್ತಾರೆ. ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕಟ್ಟುಹಾವಿನ ಕಡಿತ ಬೇರೆ ಹಾವಿನದರಂತಲ್ಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರು ನಿದ್ದೆಯಲ್ಲಿ ಹೊರಳಿದಾಗ ಅದು ಕಚ್ಚುತ್ತದೆ. ಹಲ್ಲು ಸಣ್ಣವು, ನೋವಿಲ್ಲ, ಊತವಿಲ್ಲ. ಎಷ್ಟೋ ಸಲ ಎಚ್ಚರವೂ ಆಗುವುದಿಲ್ಲ. ನಸುಕಿನಲ್ಲಿ ಹೊಟ್ಟೆ ಹಿಡಿದುಕೊಂಡು ಏಳುತ್ತಾರೆ, ವಾಂತಿಯಾಗುತ್ತದೆ. ರಾತ್ರಿಯ ಊಟ ಕೆಟ್ಟಿರಬೇಕು ಎಂದು ಮನೆಯವರು ಓಮದ ಕಷಾಯ ಕೊಡುತ್ತಾರೆ. ಅಷ್ಟರಲ್ಲಿ ಕಣ್ಣಿನ ರೆಪ್ಪೆ ಜೋತುಬೀಳತೊಡಗುತ್ತದೆ, ನುಂಗಲು ಕಷ್ಟವಾಗುತ್ತದೆ, ಮಾತು ತೊದಲುತ್ತದೆ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು ಬಂದು ರೆಪ್ಪೆ ಭಾರವಾದರೆ, ಯಾರೂ ಹಾವು ಕಂಡಿರದಿದ್ದರೂ, ಕಟ್ಟುಹಾವನ್ನೇ ಮೊದಲು ಶಂಕಿಸಬೇಕು.

ಈ ವಿಷ ನರದ ತುದಿಗೆ ಹೊಡೆಯುತ್ತದೆ. ನರದಿಂದ ಸ್ನಾಯುವಿಗೆ ಸಂದೇಶ ದಾಟಿಸುವ ಆ ತುದಿಗಳು ಒಮ್ಮೆ ಹಾಳಾದರೆ ವಿಷನಿರೋಧಕ ಚುಚ್ಚುಮದ್ದು ಅವನ್ನು ಸರಿಪಡಿಸಲಾರದು. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಮಾತ್ರ ಅದು ಹಿಡಿಯುತ್ತದೆ. ಹಾಳಾದ ತುದಿಗಳು ಮತ್ತೆ ಬೆಳೆಯುವವರೆಗೆ, ಅಂದರೆ ದಿನಗಟ್ಟಲೆ, ರೋಗಿ ವೆಂಟಿಲೇಟರ್ ಮೇಲೆ ಬದುಕಬೇಕು. ಬದುಕುತ್ತಾರೆ ಕೂಡ, ಸಮಯಕ್ಕೆ ಉಸಿರಾಟದ ಆಸರೆ ಸಿಕ್ಕರೆ ಪೂರ್ತಿ ಗುಣವಾಗಿ ಮನೆಗೆ ನಡೆದು ಹೋಗುತ್ತಾರೆ. ಆದ್ದರಿಂದ ಇಲ್ಲಿ ಒಂದೊಂದು ಗಂಟೆಗೂ ಬೆಲೆಯಿದೆ. ಹಾವನ್ನು ಬೆನ್ನಟ್ಟಿ ಫೋಟೊ ತೆಗೆಯುತ್ತ, ಗುಂಪಿನ ಉತ್ತರಕ್ಕೆ ಕಾಯುತ್ತ ಕಳೆಯುವ ಗಂಟೆಯೂ ಅದರಲ್ಲೇ ಹೋಗುತ್ತದೆ.

ನಮ್ಮ ದೇಶದಲ್ಲಿ ಹಾವಿನ ಫೋಟೊ ಇಲ್ಲದೆಯೂ ಚಿಕಿತ್ಸೆ ಆರಂಭಿಸಬಹುದು ಎಂಬುದು ಹಲವರಿಗೆ ಗೊತ್ತಿಲ್ಲ. ಆಸ್ಪತ್ರೆಗಳಲ್ಲಿರುವ ವಿಷನಿರೋಧಕ ಚುಚ್ಚುಮದ್ದು ಮೊದಲು ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ. ವೈದ್ಯರು ಹಾವನ್ನಲ್ಲ, ರೋಗಿಯನ್ನು ನೋಡುತ್ತಾರೆ. ರೆಪ್ಪೆ ಎತ್ತಲಾಗುತ್ತದೆಯೇ, ಕುತ್ತಿಗೆ ನಿಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ರಕ್ತವನ್ನು ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಬಿಟ್ಟು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ಹಾವಿನ ಶಂಕೆ.

ಇಲ್ಲಿ ಫೋಟೊದಿಂದ ಆಗಬಹುದಾದ ಅನಾಹುತ ಒಂದೇ. "ತೋಳ ಹಾವಂತೆ" ಎಂದು ಯಾರೋ ಹೇಳಿದ್ದನ್ನು ನಂಬಿ ಕಚ್ಚಿಸಿಕೊಂಡವರು ಮನೆಯಲ್ಲೇ ಉಳಿಯುವುದು, ಇಲ್ಲವೇ ಆಸ್ಪತ್ರೆಯಿಂದ ಬೇಗ ಎದ್ದು ಬರುವುದು. ಕಟ್ಟುಹಾವಿನ ಲಕ್ಷಣಗಳು ಹಲವು ಗಂಟೆ ತಡವಾಗಿ ಕಾಣಿಸಿಕೊಳ್ಳಬಹುದು. ಪಟ್ಟೆಯ ಹಾವು ಕಚ್ಚಿದ್ದರೆ, ಫೋಟೊ ಏನೇ ಹೇಳಲಿ, ಇಪ್ಪತ್ನಾಲ್ಕು ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಹೋಗುವಾಗ ಹಗ್ಗ ಬಿಗಿಯುವುದು, ಕುಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಬೇಕು, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಬೇಕು. ಸತ್ತ ಹಾವನ್ನು ಕೈಯಲ್ಲಿ ಹಿಡಿದು ತರುವುದೂ ಬೇಡ. ಸತ್ತ ಮೇಲೂ ಕೆಲ ಹೊತ್ತು ಹಾವಿನ ತಲೆ ಕಚ್ಚಬಲ್ಲದು.

ಫೋಟೊ ತೆಗೆಯುವುದಾದರೆ

ಯಾರನ್ನೂ ಕಚ್ಚಿಲ್ಲ, ಹಾವು ಸುಮ್ಮನೆ ಕೂತಿದೆ ಎಂದಾಗ ಫೋಟೊ ಖಂಡಿತ ಉಪಯುಕ್ತ. ಆಗಲೂ ಎರಡು ಮೀಟರಿಗಿಂತ ಹತ್ತಿರ ಹೋಗದೆ ಜೂಮ್ ಮಾಡಿ ತೆಗೆಯಬೇಕು. ಒಂದೇ ಚಿತ್ರ ಸಾಲದು. ತಲೆ ಮತ್ತು ಕುತ್ತಿಗೆ ಕಾಣುವ ಒಂದು, ನಡುಮೈಯನ್ನು ಮೇಲಿನಿಂದ ತೋರಿಸುವ ಒಂದು, ಬಾಲದ ಕಡೆಯದು ಒಂದು. ಫ್ಲ್ಯಾಶ್ ಆರಿಸಿ, ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಹಿಡಿದರೆ ಹೊಳಪಿನ ಗೆರೆ ಬೆನ್ನ ಮೇಲಿಂದ ಸರಿಯುತ್ತದೆ. ಟೈಲ್ಸ್ ಚೌಕಟ್ಟಿನೊಳಗೆ ಬರಲಿ, ಉದ್ದ ಅಳೆಯಬಹುದು. ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಫೋಟೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ. ಯಾವ ಊರು, ಎಷ್ಟು ಹೊತ್ತಿಗೆ, ನೆಲದ ಮೇಲೋ ಗೋಡೆಯ ಮೇಲೋ ಎಂಬುದನ್ನೂ ಬರೆಯಬೇಕು. ಉತ್ತರ ಬರುವವರೆಗೆ ಅದು ಕಟ್ಟುಹಾವು ಎಂದೇ ನಡೆದುಕೊಳ್ಳಬೇಕು.

ಉಳಿದ ಜೋಡಿಗಳಲ್ಲೂ ಫೋಟೊ ಸೋಲುತ್ತದೆ, ಆದರೆ ಕಾರಣ ಬೇರೆ. ಕೊಳಕುಮಂಡಲವನ್ನು ಮಣ್ಣುಮುಕ್ಕ ಹಾವು ಎಂದುಕೊಳ್ಳುವವರಿದ್ದಾರೆ, ನಾಗರಹಾವನ್ನು ಕೇರೆ ಎಂದುಕೊಳ್ಳುವವರೂ ಇದ್ದಾರೆ. ಅಲ್ಲಿ ಮೊಂಡು ಬಾಲ, ಹೆಡೆ, ಮೈಮೇಲಿನ ಕಣ್ಣುಗಳಂಥ ಗುರುತು ಮುಂತಾಗಿ ಬರಿಗಣ್ಣಿಗೆ ಕಾಣುವ ಆಧಾರಗಳಿವೆ. ಒಳ್ಳೆಯ ಚಿತ್ರ ಸಿಕ್ಕರೆ ಗೊಂದಲ ಬಗೆಹರಿಯುತ್ತದೆ. ಕಟ್ಟುಹಾವು, ತೋಳ ಹಾವಿನ ವಿಷಯದಲ್ಲಿ ಒಳ್ಳೆಯ ಚಿತ್ರವೂ ಎಷ್ಟೋ ಸಲ ಸಾಲುವುದಿಲ್ಲ.

ಸಾಲುವ ಒಂದು ವಸ್ತು ಇದೆ, ಅದು ಪೊರೆ. ಮನೆಯ ಸಂದಿಯಲ್ಲಿ ಸಿಗುವ ಹಾವಿನ ಪೊರೆಯಲ್ಲಿ ಬಣ್ಣ ಹೋಗಿರುತ್ತದೆ, ಪಟ್ಟೆ ಇದ್ದರೂ ನೆರಳಿನಷ್ಟು. ನಮ್ಮನ್ನು ದಾರಿ ತಪ್ಪಿಸುವುದೆಲ್ಲ ಅಲ್ಲಿ ಅಳಿದು, ಹುರುಪೆಗಳ ಅಚ್ಚು ಮಾತ್ರ ಉಳಿದಿರುತ್ತದೆ. ಅದನ್ನು ಬೆಳಕಿಗೆ ಹಿಡಿದು ಬೆನ್ನಿನ ನಡುಸಾಲನ್ನು ನೋಡಬೇಕು. ಅಕ್ಕಪಕ್ಕಕ್ಕಿಂತ ದೊಡ್ಡದಾದ ಆರು ಮೂಲೆಯ ಹುರುಪೆಗಳಿವೆಯೇ? ಬಾಲದಡಿಯ ಹುರುಪೆಗಳು ಇಡಿಯಾಗಿವೆಯೇ, ಸೀಳಿವೆಯೇ? ಆರು ಮೂಲೆಯೂ ಇಡಿಯ ಹುರುಪೆಯೂ ಕಂಡರೆ ಮನೆಗೆ ಕಟ್ಟುಹಾವು ಬಂದು ಹೋಗುತ್ತಿದೆ ಎಂದು ತಿಳಿದು ಅಂದೇ ಕೆಲಸಕ್ಕೆ ಇಳಿಯಬೇಕು. ಇಲಿ ಬಿಲಗಳನ್ನು ಮುಚ್ಚಬೇಕು, ಸೌದೆ ಮತ್ತು ಇಟ್ಟಿಗೆಯನ್ನು ಗೋಡೆಯಿಂದ ದೂರ ಸರಿಸಬೇಕು, ಬಾಗಿಲಡಿಯ ಸಂದಿಗೆ ಪಟ್ಟಿ ಹೊಡೆಸಬೇಕು. ನೆಲದ ಮೇಲೆ ಮಲಗುವವರಿಗೆ ಮಂಚ ಹಾಕಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಬೇಕು.